ಜರಡಿ ಹಿಡಿದರೆ ಹುಳು ಹೋಗುತ್ತದೆ, ಉಳಿದ ಹಿಟ್ಟು ತಿನ್ನಬಹುದಾ?

ಪ್ರಶ್ನೆ: ಊರಿಗೆ ಹೋಗಿ ಬರುವಷ್ಟರಲ್ಲಿ ಗೋಧಿಹಿಟ್ಟಿನ ಡಬ್ಬದಲ್ಲಿ ಕೆಂಪು ಹುಳು ಓಡಾಡುತ್ತಿದ್ದವು. ಬನ್ಸಿ ರವೆ ಬಲೆ ಕಟ್ಟಿ ಗಂಟುಗಂಟಾಗಿದೆ. ಹೆಸರುಕಾಳಿನಲ್ಲಿ ತೂತು. ಜರಡಿ ಹಿಡಿದು ಬಿಸಿಲಿಗೆ ಹಾಕಿದರೆ ಸಾಕು ಅಂತಾರೆ ಅತ್ತೆ. ಎಲ್ಲ ಎಸೆಯೋಣ ಅಂತಾರೆ ಮಗಳು. ಯಾರು ಸರಿ?

ಉತ್ತರ: ಹೆಸರುಕಾಳಿನ ಮಟ್ಟಿಗೆ ಅತ್ತೆ ಸರಿ ಇರಬಹುದು. ರವೆಯ ಮಟ್ಟಿಗೆ ಮಗಳೇ ಸರಿ. ಹಿಟ್ಟಿನ ವಿಷಯವನ್ನು ಮೂಗಿಗೆ ಬಿಡಬೇಕು.

ಮೊದಲು ಹಿಟ್ಟು. ನಿಮ್ಮ ಡಬ್ಬದಲ್ಲಿದ್ದ ಕಂದುಗೆಂಪು ಹುಳು ಮೂರ್ನಾಲ್ಕು ಮಿಲಿಮೀಟರ್ ಉದ್ದ ಇರುತ್ತದೆ. ಜರಡಿಯ ಮೇಲೆ ಅದು ನಿಲ್ಲುತ್ತದೆ, ಬೆಳೆದ ಮರಿಹುಳುವೂ ನಿಲ್ಲುತ್ತದೆ. ಆದರೆ ಅದರ ಮೊಟ್ಟೆ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಮೈಯೆಲ್ಲ ಅಂಟು, ಆ ಅಂಟಿಗೆ ಹಿಟ್ಟು ಮೆತ್ತಿಕೊಂಡು ಕಣ್ಣಿಗೆ ಕಾಣುವುದೇ ಇಲ್ಲ. ಆಗತಾನೇ ಒಡೆದು ಬಂದ ಮರಿಯ ಕಥೆಯೂ ಅಷ್ಟೇ. ಇವೆಲ್ಲ ಹಿಟ್ಟಿನ ಜೊತೆಯಲ್ಲೇ ಕೆಳಗೆ ಇಳಿಯುತ್ತವೆ. ನಮ್ಮ ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಹುಳುವಾಗಲು ಹೆಚ್ಚುಕಡಿಮೆ ಒಂದು ತಿಂಗಳು ಸಾಕು. ‘ಜರಡಿ ಹಿಡಿದಿದ್ದೆ, ಮತ್ತೆ ಹೇಗೆ ಬಂತು’ ಅಂತ ಎಲ್ಲರೂ ಕೇಳುವುದು ಇದಕ್ಕೇ.

ಮೊಟ್ಟೆಯಿಂದ ಆಗುವ ಅಪಾಯ ಅಷ್ಟಿಲ್ಲ. ಕಾದ ಹೆಂಚಿನ ಮೇಲೆ ಅದು ಸಾಯುತ್ತದೆ. ನಿಜವಾದ ತೊಂದರೆ ಹುಳು ಬಿಟ್ಟುಹೋದ ಕೊಳೆಯದು. ಹಿಕ್ಕೆ, ಕಳಚಿದ ಸಿಪ್ಪೆ, ಯೂರಿಕ್ ಆಮ್ಲ ಎಲ್ಲವೂ ಹಿಟ್ಟಿನಲ್ಲೇ ಉಳಿಯುತ್ತವೆ. ಮಾರಾಟದ ಧಾನ್ಯದಲ್ಲಿ ಯೂರಿಕ್ ಆಮ್ಲ ಕಿಲೋಗೆ 100 ಮಿಲಿಗ್ರಾಂ ಮೀರಬಾರದು ಎಂದು ನಮ್ಮ ದೇಶದ ಆಹಾರ ನಿಯಮವಿದೆ. ಹುಳು ಎಷ್ಟು ಗಲೀಜು ಮಾಡಿದೆ ಎಂದು ಅಳೆಯುವ ದಾರಿ ಅದು. ಇದರ ಜೊತೆಗೆ ಈ ಕೆಂಪು ಹುಳು ಕ್ವಿನೋನ್ ಎಂಬ ಘಾಟು ವಾಸನೆಯ ವಸ್ತುವನ್ನೂ ಬಿಡುತ್ತದೆ. ಹುಳು ಜಾಸ್ತಿಯಾದಾಗ ಹಿಟ್ಟು ಸ್ವಲ್ಪ ಗುಲಾಬಿ ಬಣ್ಣಕ್ಕೆ ತಿರುಗುವುದು ಅದರಿಂದಲೇ. ಬೇಯಿಸಿದರೂ ಆ ರುಚಿ ಹೋಗುವುದಿಲ್ಲ. ಒಮ್ಮೆ ನಾನು ಹಟಕ್ಕೆ ಬಿದ್ದು ಅಂಥ ಹಿಟ್ಟನ್ನು ಜರಡಿ ಹಿಡಿದು ಚಪಾತಿ ಮಾಡಿದ್ದೆ. ಒಂದು ತುತ್ತಿಗೇ ಗೊತ್ತಾಯಿತು. ಹಿಟ್ಟೂ ಹೋಯಿತು, ಅದಕ್ಕೆ ಹಾಕಿದ ತುಪ್ಪವೂ ಹೋಯಿತು.

ಹಾಗಾಗಿ ಹೀಗೆ ಮಾಡಿ. ಒಂದು ಹಿಡಿ ಹಿಟ್ಟಿಗೆ ಬಿಸಿನೀರು ಹಾಕಿ ಕಲಸಿ ಮೂಸಿ ನೋಡಿ. ಒಣಹಿಟ್ಟಿನಲ್ಲಿ ಅಡಗಿದ ವಾಸನೆ ಬಿಸಿಗೆ ಮೇಲೆ ಬರುತ್ತದೆ. ಘಾಟು ಅಥವಾ ಮುಗ್ಗಲು ಬಂದರೆ ಮುಂದೆ ಯೋಚನೆ ಬೇಡ, ಎಸೆಯಿರಿ. ವಾಸನೆ ಸರಿಯಿದ್ದು, ಕಿಲೋ ಹಿಟ್ಟಿನಲ್ಲಿ ಸಿಕ್ಕಿದ್ದು ನಾಲ್ಕೈದು ಹುಳು ಮಾತ್ರ ಆದರೆ ಜರಡಿ ಹಿಡಿಯಿರಿ. ಜರಡಿ ಹಿಡಿದ ಹಿಟ್ಟನ್ನು ತಟ್ಟೆಯಲ್ಲಿ ಹರಡಿ, ಮೇಲ್ಭಾಗವನ್ನು ಚಾಕುವಿನಿಂದ ಸಾಪಾಗಿ ಸವರಿ, ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಸಣ್ಣ ಗೆರೆಗಳು, ಉಬ್ಬುಗಳು ಕಂಡರೆ ಒಳಗೆ ಮರಿಗಳು ಇನ್ನೂ ಇವೆ. ಕಾಣದಿದ್ದರೆ ಒಂದು ವಾರದೊಳಗೆ ಚಪಾತಿಗೆ ಬಳಸಿ ಮುಗಿಸಿ. ಮಗುವಿನ ಊಟಕ್ಕೆ ಮಾತ್ರ ಬೇಡ. ಮನೆಯಲ್ಲಿ ಅಲರ್ಜಿ, ಉಬ್ಬಸ ಇರುವವರಿದ್ದರೂ ಬೇಡ.

ರವೆಯಲ್ಲಿ ಜರಡಿ ಕೆಲಸಕ್ಕೇ ಬರುವುದಿಲ್ಲ. ಕಣ್ಣು ದೊಡ್ಡದಿದ್ದರೆ ಸಣ್ಣ ಮರಿ ಇಳಿಯುತ್ತದೆ, ಚಿಕ್ಕದಿದ್ದರೆ ಬನ್ಸಿ ರವೆಯೇ ಇಳಿಯುವುದಿಲ್ಲ. ಈ ಬಲೆ ಜೇಡದ್ದಲ್ಲ, ಪತಂಗದ ಮರಿ ನೂಲುವ ರೇಷ್ಮೆಯಂಥ ಎಳೆ. ಗಂಟನ್ನು ಬೆರಳಲ್ಲಿ ಬಿಡಿಸಿ ನೋಡಿ, ಒಳಗೆ ಕೆನೆ ಬಣ್ಣದ ಮರಿ, ಹಿಕ್ಕೆ ಎರಡೂ ಇರುತ್ತವೆ. ಹುಳು ಹೆಚ್ಚಿದಷ್ಟೂ ರವೆ ತೇವವಾಗುತ್ತದೆ, ಬೂಷ್ಟು ಬರಲು ಅಷ್ಟು ಸಾಕು. ಕೆಲವು ಬೂಷ್ಟುಗಳ ವಿಷ ಹುರಿದರೂ ಬೇಯಿಸಿದರೂ ಹೋಗುವುದಿಲ್ಲ. ಉಪ್ಪಿಟ್ಟಿನ ಆಸೆ ಬಿಡಿ.

ಹೆಸರುಕಾಳಿನ ಹುಳು ಕಾಳಿನ ಮೈಮೇಲೆ ಬಿಳಿ ಚುಕ್ಕೆಯ ಹಾಗೆ ಮೊಟ್ಟೆ ಅಂಟಿಸುತ್ತದೆ. ಮರಿ ಒಳಗೆ ಕೊರೆದು ಅಲ್ಲೇ ಬೆಳೆದು, ಗುಂಡಗಿನ ತೂತು ಮಾಡಿ ಹೊರಬರುತ್ತದೆ. ಒಳಗಿರುವುದನ್ನು ಜರಡಿ ಹೇಗೆ ಹಿಡಿದೀತು? ಇಲ್ಲಿ ನೀರು ಉಪಯೋಗಕ್ಕೆ ಬರುತ್ತದೆ. ಅಡುಗೆಗೆ ಬೇಕಾದಷ್ಟು ಕಾಳನ್ನು ಅಗಲ ಪಾತ್ರೆಯಲ್ಲಿ ನೀರಿಗೆ ಹಾಕಿ ಕಲಕಿ. ಟೊಳ್ಳಾದವು ಬಹುಪಾಲು ತೇಲುತ್ತವೆ, ಚೆಲ್ಲಿ. ಮುಳುಗಿದವುಗಳಲ್ಲಿ ತೂತು, ಚುಕ್ಕೆ ಇದ್ದದ್ದನ್ನು ಆರಿಸಿ, ಎರಡು ಮೂರು ನೀರಿನಲ್ಲಿ ತೊಳೆದು ಬೇಯಿಸಿ. ಹಿಡಿ ಕಾಳಿಗೆ ಐದಾರು ತೂತಾದವು ಸಿಕ್ಕರೆ ಆರಿಸುತ್ತಾ ಕೂರಬಹುದು. ಕಾಲು ಭಾಗವೇ ಹೋಗಿದ್ದರೆ ಯಾಕೆ ಕಷ್ಟ?

ಬಿಸಿಲಿನ ಬಗ್ಗೆ ಅತ್ತೆಗೆ ಒಂದು ಮಾತು. ಬಿಸಿಲಿಗೆ ಹಾಕಿದ ಹಿಟ್ಟಿನಿಂದ ದೊಡ್ಡ ಹುಳುಗಳು ಓಡಿಹೋಗುತ್ತವೆ, ಅಷ್ಟೇ. ಸಾಯುವುದಿಲ್ಲ, ಪಕ್ಕದ ಮನೆಗೆ ಹೋಗಬಹುದು! ಅದಕ್ಕಿಂತ ಫ್ರೀಜರ್ ವಾಸಿ. ಹೊಸ ಹಿಟ್ಟು, ರವೆ ತಂದ ದಿನವೇ ಕಿಲೋ ಲೆಕ್ಕದಲ್ಲಿ ಕಟ್ಟಿ ಒಂದು ವಾರ ಫ್ರೀಜರ್‌ನಲ್ಲಿಟ್ಟರೆ ಮೊಟ್ಟೆಯೂ ಸಾಯುತ್ತದೆ. ಹೊರಗೆ ತೆಗೆದ ಮೇಲೆ ತಣ್ಣಗಿರುವಾಗಲೇ ಪೊಟ್ಟಣ ಬಿಚ್ಚಬೇಡಿ, ಒಳಗೆ ನೀರು ಕೂರುತ್ತದೆ. ಮತ್ತೆ ಆ ಹಳೇ ಡಬ್ಬ: ಮುಚ್ಚಳದ ಸುರುಳಿಯಲ್ಲಿ ಹಿಟ್ಟು ಮೆತ್ತಿರುತ್ತದಲ್ವಾ, ಅದನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೆಗೆದು, ತೊಳೆದು, ಪೂರ್ತಿ ಒಣಗಿಸಿದ ಮೇಲೆ ಹೊಸದನ್ನು ತುಂಬಿ.