ಕುರ್ಚಿ ತೆಗೆದು ಬೆಂಚು ಇಡುವುದು: ಜನರೇಟಿವ್ ಫಿಲ್ ಟಿಪ್ಪಣಿ

ಬಸವನಗುಡಿಯಲ್ಲಿ ನಮ್ಮ ಚಿಕ್ಕಮ್ಮನ ಮನೆಯ ಜಗಲಿ. ರೆಡ್ ಆಕ್ಸೈಡ್ ನೆಲ, ಎಡಕ್ಕೆ ಕಿಟಕಿ, ನಡುವೆ ಬಿಳಿ ಪ್ಲಾಸ್ಟಿಕ್ ಕುರ್ಚಿ. ಅಲ್ಲಿ ಮರದ ಬೆಂಚು ಹಾಕಿಸಿದರೆ ಹೇಗೆ ಕಾಣುತ್ತೆ ಅಂತ ಅವರಿಗೆ ನೋಡಬೇಕಿತ್ತು. ಫೋಟೋಶಾಪ್‌ನ ಜನರೇಟಿವ್ ಫಿಲ್ ಅಂದರೆ, ಫೋಟೋದಲ್ಲಿ ಗುರುತು ಮಾಡಿದ ಜಾಗವನ್ನು ನಾವು ಬರೆದ ಮಾತಿನ ಪ್ರಕಾರ ಎಐ ತುಂಬಿಕೊಡುವ ಸೌಲಭ್ಯ. ಅದರಲ್ಲಿ ಕುರ್ಚಿಯ ಅಂಚಿಗೆ ಸರಿಯಾಗಿ ಸೆಲೆಕ್ಷನ್ ಹಾಕಿ, ನಾನು ಟೈಪ್ ಮಾಡಿದ್ದು ಇದು:

```
replace the chair with a bench
```

ಬಂದ ಮೂರೂ ಚಿತ್ರಗಳಲ್ಲಿ ಇದ್ದದ್ದು ಕುರ್ಚಿಯೇ! ತಪ್ಪು ಎರಡು ಕಡೆ ಇತ್ತು. ಒಂದು, ನಾನು ಬಳಸಿದ ಅಡೋಬಿಯ ಫೈರ್‌ಫ್ಲೈ ಮಾಡೆಲ್‌ಗೆ ಪ್ರಾಂಪ್ಟ್ ಅನ್ನೋದು ಕೆಲಸದವನಿಗೆ ಹೇಳುವ ಮಾತಲ್ಲ. ಆ ಜಾಗದಲ್ಲಿ ಕೊನೆಗೆ ಏನು ಕಾಣಬೇಕೋ ಅದರ ವರ್ಣನೆ ಅಷ್ಟೇ. ‘chair’ ಅಂತ ಬರೆದರೆ ಕುರ್ಚಿಯನ್ನೇ ಕರೆದ ಹಾಗೆ. ಇನ್ನೊಂದು, ಸೆಲೆಕ್ಷನ್ನಿನ ಆಕಾರ. ಎತ್ತರವಾಗಿ, ಕಿರಿದಾಗಿ ಜಾಗ ಬಿಟ್ಟರೆ ಅದರಲ್ಲಿ ಹಿಡಿಸುವ ವಸ್ತುವೇ ಬರುತ್ತೆ. ಉದ್ದನೆಯ ಬೆಂಚು ಅಲ್ಲಿ ಎಲ್ಲಿ ಕೂರಬೇಕು, ಅಲ್ವಾ?

ಆದ್ದರಿಂದ ಎರಡು ಹಂತ ಮಾಡಿದೆ. ಮೊದಲು ಕುರ್ಚಿಯನ್ನು ಸ್ವಲ್ಪ ಧಾರಾಳವಾಗಿ ಸುತ್ತಿ, ಪ್ರಾಂಪ್ಟ್ ಖಾಲಿ ಬಿಟ್ಟು Generate ಒತ್ತಿದೆ. ಆಗ ಅಕ್ಕಪಕ್ಕದ ನೆಲ, ಗೋಡೆಯಿಂದಲೇ ಜಾಗ ತುಂಬುತ್ತೆ. ಇಲ್ಲೊಂದು ಕಡೆ ಎಡವಿದೆ. ಪಾಲಿಶ್ ಹೊಡೆದ ನೆಲದಲ್ಲಿ ಕುರ್ಚಿಯ ಬಿಳಿ ಪ್ರತಿಬಿಂಬ ಉಳಿದುಬಿಟ್ಟಿತ್ತು. ಮುಂದಿನ ಸುತ್ತಿನಲ್ಲಿ ಅದಕ್ಕೆ ಸರಿಹೊಂದುವಂತೆ ಬೆಂಚಿಗೆ ಬಿಳಿ ಕಾಲು ಬಂತು. ನೆಲದಲ್ಲಿ ಕಾಣುವ ಪ್ರತಿಬಿಂಬ, ನೆರಳು ಎರಡನ್ನೂ ಸೆಲೆಕ್ಷನ್ನಿನೊಳಗೆ ಸೇರಿಸಲೇಬೇಕು.

ನೆಲ ಖಾಲಿಯಾದ ಮೇಲೆ ಅಗಲವಾದ, ತಗ್ಗಾದ ಸೆಲೆಕ್ಷನ್ ಚೌಕಟ್ಟು ಹಾಕಿದೆ. ಕೆಳಗಡೆ ನೆರಳು ಬೀಳಲು ಒಂದಿಷ್ಟು ನೆಲವನ್ನೂ ಬಿಟ್ಟೆ. ಪ್ರಾಂಪ್ಟ್ ಬರೀ `bench` ಅಂತ ಕೊಟ್ಟಾಗ ಪಾರ್ಕಿನಲ್ಲಿರುವಂಥ ಕಬ್ಬಿಣದ ಕೈಯ ಬೆಂಚು ಬಂತು. `no backrest` ಸೇರಿಸಿದರೂ ಬೆನ್ನೊರಗು ಹೋಗಲಿಲ್ಲ. ‘ಬೇಡ’ ಅನ್ನೋ ಮಾತು ಇದಕ್ಕೆ ಸರಿಯಾಗಿ ನಾಟೋದಿಲ್ಲ, ಹೆಸರು ಮಾತ್ರ ನಾಟುತ್ತೆ. ಬೇಕಾದದ್ದನ್ನೇ ಹೇಳಿದೆ:

```
low flat-topped teak bench, four straight legs
```

ಮರ ಯಾವುದು, ಮೇಲ್ಭಾಗ ಹೇಗೆ, ಕಾಲು ಎಷ್ಟು. ಅಷ್ಟೇ. ಕಿಟಕಿಯ ಬೆಳಕಿನ ಬಗ್ಗೆ ಏನೂ ಬರೆಯಲಿಲ್ಲ. ಅದನ್ನು ಸುತ್ತಲಿನ ಚಿತ್ರದಿಂದಲೇ ಹಿಡಿಯುತ್ತೆ. ‘beautiful’ ಥರದ ಪದ ಹಾಕಿದರೂ ಕಾಲಿನ ಆಕಾರ ಬದಲಾಗಲ್ಲ. ಸುಮ್ನೆ ಜಾಗ ದಂಡ.

ಎರಡನೇ ಚಿತ್ರ ಸರಿಯಾಗಿತ್ತು. ಚಿಕ್ಕಮ್ಮ ಫೋನ್ ಹತ್ತಿರ ಹಿಡಿದು ನೋಡಿ, “ಚೆನ್ನಾಗಿದೆ ಕಣೋ, ಆದ್ರೆ ಇಷ್ಟು ಎತ್ತರದ ಬೆಂಚಿಗೆ ನಾನು ಏಣಿ ಹಾಕಿ ಹತ್ತಬೇಕಾ?” ಅಂದರು. ಅಳತೆ ಜನರೇಟಿವ್ ಫಿಲ್‌ಗೆ ಗೊತ್ತಿಲ್ಲ, ನಾನು ಎಳೆದ ಚೌಕಟ್ಟೇ ಅದಕ್ಕೆ ಅಳತೆ. ಕುರ್ಚಿಯ ಸೀಟು ಎಷ್ಟು ಎತ್ತರಕ್ಕಿತ್ತು ಅಂತ ಅಳಿಸುವ ಮೊದಲೇ ಒಂದು ಗೈಡ್ ಗೆರೆ ಹಾಕಿಟ್ಟುಕೊಳ್ಳಬೇಕಿತ್ತು. ಹಳೇ ಫೋಟೋ ತೆರೆದು ಗೆರೆ ಎಳೆದು, ಚೌಕಟ್ಟಿನ ಮೇಲಂಚನ್ನು ಅಲ್ಲಿಗೆ ಇಳಿಸಿ, ಅದೇ ಪ್ರಾಂಪ್ಟ್ ಮತ್ತೆ ಕೊಟ್ಟೆ.