ಕೆನ್ನೆ ಊದಿದ ಹಲ್ಲುನೋವು: ನೋವು ನಿಂತರೆ ವಾಸಿಯಾಯ್ತು ಅಂತಲ್ಲ

ಮಂಡ್ಯದ ಹತ್ತಿರ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಮ್ಮ ನರ್ಸಿಂಗ್ ಪೋಸ್ಟಿಂಗ್ ಇದ್ದಾಗ ಬರೆದುಕೊಂಡದ್ದು ಇದು. ಹಲ್ಲಿನ ಕೀವಿನ ಪಾಠ ನನಗೆ ಸರಿಯಾಗಿ ತಲೆಗೆ ಹೋಗಿದ್ದು ಒಬ್ಬ ರೋಗಿಯಿಂದ. ಅವರಿಂದಲೇ ಶುರು ಮಾಡ್ತೀನಿ.

ಆಲೆಮನೆಯಲ್ಲಿ ಕೆಲಸ, ವಯಸ್ಸು 45ರ ಆಸುಪಾಸು, ಶುಗರ್ ಇದೆ. ಟವಲನ್ನು ಬಲಗೆನ್ನೆಗೆ ಒತ್ತಿ ಹಿಡಿದು ಬಂದರು. "ಸೋಮವಾರ ರಾತ್ರಿಯೆಲ್ಲಾ ಪಟಪಟ ಅಂತ ಬಡೀತಿತ್ತು ಕಣವ್ವ, ಮಲಗಿದ್ರೆ ಇನ್ನೂ ಜಾಸ್ತಿ. ಬುಧವಾರ ಅದಾಗದೇ ನಿಂತೋಯ್ತು. ವಾಸಿಯಾಯ್ತು ಅನ್ಕಂಡೆ. ಈಗ ನೋಡಿದ್ರೆ ಹಿಂಗೆ ಊದ್ಕಂಡದೆ" ಅಂದರು. ಅಂದು ಶನಿವಾರ.

ಆ ಬುಧವಾರ ಏನಾಯ್ತು ಅನ್ನೋದೇ ಇಲ್ಲಿ ಮುಖ್ಯ. ಹಲ್ಲಿನ ಒಳಗೆ ನರ, ರಕ್ತನಾಳ ಇರುವ ಮೆತ್ತನೆ ಭಾಗವಿದೆ. ಅದಕ್ಕೆ ಪಲ್ಪ್ ಅಂತಾರೆ. ಹುಳುಕು ಅಲ್ಲಿಗೆ ಮುಟ್ಟಿದಾಗ ಪಲ್ಪ್ ಊದಿಕೊಳ್ಳುತ್ತೆ. ಆದರೆ ಸುತ್ತ ಗಟ್ಟಿ ಹಲ್ಲಿನ ಗೋಡೆ, ಊದಲು ಜಾಗವೇ ಇಲ್ಲ. ಅದಕ್ಕೇ ನಾಡಿ ಬಡಿದ ಹಾಗೆ ನೋವು ಬಡಿಯೋದು. ಮಲಗಿದಾಗ ತಲೆಗೆ ರಕ್ತದ ಒತ್ತಡ ಜಾಸ್ತಿ, ನೋವೂ ಜಾಸ್ತಿ. ಕೊನೆಗೆ ಪಲ್ಪ್ ಸತ್ತುಹೋಗುತ್ತೆ. ನರ ಸತ್ತ ಮೇಲೆ ನೋವು ಎಲ್ಲಿಂದ ಬರಬೇಕು? ಸೋಂಕು ಮಾತ್ರ ಬೇರಿನ ತುದಿಯಿಂದ ದವಡೆಯ ಮೂಳೆಗೆ ಇಳಿದು ಕೀವು ಕಟ್ಟುತ್ತೆ. ಆಗ ಆ ಹಲ್ಲು ಉಳಿದವಕ್ಕಿಂತ ಎತ್ತರವಾದಂತೆ ಅನ್ನಿಸುತ್ತೆ, ಕಚ್ಚಿದರೆ ಜೀವ ಹೋಗುತ್ತೆ, ಆಮೇಲೆ ಕೆನ್ನೆ ಊದುತ್ತೆ.

ಎರಡು ತಿಂಗಳ ಹಿಂದೆಯೂ ಇವರಿಗೆ ಹೀಗೇ ಆಗಿತ್ತಂತೆ. ಮೆಡಿಕಲ್ ಶಾಪಿನಲ್ಲಿ ಆಂಟಿಬಯೋಟಿಕ್ ತಗೊಂಡು ನುಂಗಿದ್ದರು, ಊತ ಇಳಿದಿತ್ತು. ಔಷಧಿ ರಕ್ತದಲ್ಲಿ ಹರಿದು ಹೋಗುತ್ತೆ. ಸತ್ತ ಪಲ್ಪಿನಲ್ಲಿ ರಕ್ತವೇ ಹರಿಯಲ್ಲ, ಅಲ್ವಾ? ಸುತ್ತಲಿನ ಸೋಂಕು ತಗ್ಗುತ್ತೆ, ಹಲ್ಲಿನೊಳಗಿನ ಮೂಲ ಹಾಗೇ ಉಳಿಯುತ್ತೆ. ಆದ್ದರಿಂದ ಹಲ್ಲನ್ನು ತೆರೆದು ರೂಟ್ ಕೆನಾಲ್ ಮಾಡಬೇಕು, ಇಲ್ಲ ಕೀಳಬೇಕು. ಕೀವು ಕಟ್ಟಿದ್ದರೆ ಹೊರಗೆ ಬಿಡಬೇಕು. ಬೇರೆ ದಾರಿ ಇಲ್ಲ.

ದಂತವೈದ್ಯರು ಸಿಗುವವರೆಗೆ ಮನೆಯಲ್ಲಿ ಏನು ಮಾಡಬಹುದು? ಒಂದು ಲೋಟ ಉಗುರುಬೆಚ್ಚನೆ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಮೆಲ್ಲಗೆ ಮುಕ್ಕಳಿಸಿ ಉಗುಳಬೇಕು. ಐಸನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಗೆ ಹತ್ತು ನಿಮಿಷ ಇಡಬಹುದು. ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗಿದರೆ ಬಡಿತ ಸ್ವಲ್ಪ ತಗ್ಗುತ್ತೆ. ದೊಡ್ಡವರಿಗೆ ಪ್ಯಾರಸಿಟಮಾಲ್ 650 ಮಿಲಿಗ್ರಾಂ, ಆರು ಗಂಟೆಗೊಂದು, ದಿನಕ್ಕೆ ನಾಲ್ಕು ಮೀರಬಾರದು. ಲಿವರ್ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ತಗೋಬೇಕು. ಅಂಗಡಿಯಲ್ಲಿ ಕೊಡುವ ಎಷ್ಟೋ ನೋವಿನ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಆಗಲೇ ಸೇರಿರುತ್ತೆ, ಸ್ಟ್ರಿಪ್ ಓದದೆ ಎರಡೂ ನುಂಗಬಾರದು. ಐಬುಪ್ರೊಫೆನ್ ಹಲ್ಲುನೋವಿಗೆ ಚೆನ್ನಾಗಿ ಕೆಲಸ ಮಾಡುತ್ತೆ, ನಿಜ. ಆದರೆ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಗರ್ಭ, ರಕ್ತ ತೆಳುವಾಗಿಸುವ ಮಾತ್ರೆ ಇದ್ದವರು ಮುಟ್ಟಬಾರದು.

ನಮ್ಮ ಕಡೆ ಬಿಸಿ ಶಾಖ ಕೊಡೋದು, ಹೊಗೆಸೊಪ್ಪು ಒತ್ತೋದು, ಸೂಜಿಯಿಂದ ಚುಚ್ಚೋದು ಮಾಡ್ತಾರೆ. ಮೂರೂ ಬೇಡ. ಲವಂಗದ ಎಣ್ಣೆ ಸ್ವಲ್ಪ ಹೊತ್ತು ಜೋಮು ಹಿಡಿಸುತ್ತೆ ಅಷ್ಟೇ, ಹಾಗೇ ಸುರಿದರೆ ಒಸಡು ಸುಡುತ್ತೆ.

ಇನ್ನು ಅಪಾಯದ ಮಾತು. ನಮ್ಮ ವೈದ್ಯರು ಆ ರೋಗಿಗೆ ಬಾಯಿ ತೆರೆಯಲು ಹೇಳಿ, ಅವರದೇ ಬೆರಳುಗಳನ್ನು ಒಂದರ ಮೇಲೊಂದು ಹಲ್ಲುಗಳ ಮಧ್ಯೆ ಇಡಿಸಿದರು. ಸಾಮಾನ್ಯವಾಗಿ ಮೂರು ಬೆರಳು ಹಿಡಿಸುತ್ತೆ. ಇವರಿಗೆ ಕಷ್ಟಪಟ್ಟು ಎರಡು. ದವಡೆಯ ಕೆಳಗಿನ ಅಂಚಿನ ಮೇಲೆ ಬೆರಳಾಡಿಸಿದರು. ಎಡಗಡೆ ಮೂಳೆ ಸ್ಪಷ್ಟವಾಗಿ ಸಿಕ್ಕಿತು, ಬಲಗಡೆ ಅಂಚು ಊತದಲ್ಲಿ ಮುಳುಗಿತ್ತು. ಕೆಳದವಡೆಯ ಹಿಂದಿನ ಹಲ್ಲುಗಳ ಬೇರು ತುಂಬ ಆಳ. ಅಲ್ಲಿನ ಕೀವು ಬಾಯೊಳಗೆ ಒಡೆಯದೆ ಗದ್ದದ ಕೆಳಗೆ, ಕುತ್ತಿಗೆಯ ಕಡೆ ಹರಡಬಹುದು. ಎರಡೂ ಕಡೆ ಹರಡಿದರೆ ಅದಕ್ಕೆ ಲುಡ್ವಿಗ್ಸ್ ಆಂಜೈನಾ ಅಂತಾರೆ. ನಾಲಿಗೆ ಮೇಲಕ್ಕೆ, ಹಿಂದಕ್ಕೆ ಒತ್ತಿ ಉಸಿರಾಟದ ದಾರಿಯೇ ಮುಚ್ಚಬಹುದು. ಶುಗರ್ ಇದ್ದವರಲ್ಲಿ ಇದು ಬೇಗ ಹಬ್ಬುತ್ತೆ.

ಎಂಜಲು ನುಂಗಲಾಗದೆ ಜೊಲ್ಲು ಸುರಿದರೆ, ದನಿ ಬದಲಾದರೆ, ಉಸಿರು ಕಷ್ಟವಾದರೆ, ಊತ ಕಣ್ಣಿಗೋ ಕುತ್ತಿಗೆಗೋ ಹರಡಿದರೆ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಹಲ್ಲಿನ ಕ್ಲಿನಿಕ್ ತೆರೆಯಲಿ ಅಂತ ಕಾಯಬಾರದು. ಚಳಿಜ್ವರ, ಬಾಯಿ ತೆರೆಯಲಾಗದಿರುವುದು ಇದ್ದರೂ ಅವತ್ತೇ.

"ಸೋಮವಾರ ಹೋಗ್ಲಾ? ಆಲೆಮನೇಲಿ ಬೆಲ್ಲ ಕಾಯ್ಸೋ ಕೆಲ್ಸ ಐತೆ" ಅಂತ ಅವರು ಕೇಳಿದರು. ವೈದ್ಯರು ಚೀಟಿ ಬರೆದು ಆಗಲೇ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಡ್ರಿಪ್‌ನಲ್ಲಿ ಆಂಟಿಬಯೋಟಿಕ್ ಕೊಟ್ಟು, ಕೀವು ಬಿಟ್ಟು, ಹಲ್ಲು ಕಿತ್ತರಂತೆ. ಹತ್ತು ದಿನದ ನಂತರ ಶುಗರ್ ಮಾತ್ರೆಗೆ ಬಂದಾಗ, ನಾನು ಕೇಳುವ ಮೊದಲೇ ಮೂರು ಬೆರಳು ಬಾಯಲ್ಲಿಟ್ಟು ತೋರಿಸಿದರು.