bale ಅಂದ್ರೆ ಬಲೆನಾ, ಬಳೆನಾ, ಬಾಳೆನಾ?

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡೋರು bale ಅಂತ ಬರೆದ್ರೆ ನೀವು ಏನಂತ ಓದ್ತೀರಾ? ಮೀನು ಹಿಡಿಯೋ ಬಲೆ, ಕೈಗೆ ಹಾಕೋ ಬಳೆ, ತೋಟದ ಬಾಳೆ, ಹಳೇ ಪದ್ಯದಲ್ಲಿ ಬರೋ ಬಾಲೆ, ನಾಲ್ಕೂ ಸರಿನೇ. ಲೆಕ್ಕ ಸಿಂಪಲ್ಲು, a ಒಂದೇ ಅ, ಆ ಎರಡಕ್ಕೂ ದುಡೀಬೇಕು, l ಒಂದೇ ಲ, ಳ ಎರಡಕ್ಕೂ, ಎರಡೆರಡ್ಲ ನಾಲ್ಕು. ಸಾಮಾನ್ಯವಾಗಿ ಹೀಗೆ ಹುಟ್ಟೋ ನಾಲ್ಕರಲ್ಲಿ ಎಲ್ಲವೂ ನಿಜವಾದ ಪದ ಆಗಿರಲ್ಲ, halu ಅಂದ್ರೆ ದಿನಬಳಕೇಲಿ ಹಾಲು, ಇಲ್ಲಾಂದ್ರೆ ಹಾಳು, ಅಷ್ಟೇ. bale ಮಾತ್ರ ನಾಲ್ಕಕ್ಕೆ ನಾಲ್ಕೂ ಗೆದ್ದಿದೆ, h ಒತ್ತೋಕೂ ಸೋಮಾರಿತನ ಇರೋರು ಸಿಕ್ಕಿದ್ರೆ ಭಲೇ ಅನ್ನೋದು ಐದನೇದು!

ಇಷ್ಟಾದ್ರೂ ನಾವು ಎಡವದೆ ಓದ್ತೀವಲ್ಲ, ಅದಕ್ಕೆ ಕಾರಣ ಪಕ್ಕದ ಪದ. bale hannu ಅಂದ ತಕ್ಷಣ ಉಳಿದ ಮೂರೂ ಬಿದ್ದೋಗುತ್ತೆ. ಹಾಗಾಗಿ ಜೋಕ್ ಹುಟ್ಬೇಕಾದ್ರೆ ಎರಡು ಅರ್ಥನೂ ವ್ಯಾಕರಣಕ್ಕೆ ಒಗ್ಗಬೇಕು, ಜೊತೆಗೆ ಪಕ್ಕದ ಪದ ಬಾಯಿ ಮುಚ್ಕೊಂಡಿರಬೇಕು.

ನನಗೆ ಇಷ್ಟವಾದ ಉದಾಹರಣೆ madida. ತಿಂಗಳುಗಟ್ಟಲೆ ಒಂದು ಕೆಲಸ ಮುಂದೂಡ್ತಿದ್ದ ಗೆಳೆಯನ ಬಗ್ಗೆ ಯಾರೋ konegu madida ಅಂತ ಹಾಕ್ತಾರೆ ಅನ್ಕೊಳ್ಳಿ. ಬರೆದೋರ ತಲೇಲಿ ಇದ್ದಿದ್ದು 'ಕೊನೆಗೂ ಮಾಡಿದ', ಓದೋರಿಗೆ ಕಂಡಿದ್ದು 'ಕೊನೆಗೂ ಮಡಿದ', ಕೆಳಗೆ ಒಬ್ಬ om shanti ಅಂತಾನೆ, ಇನ್ನೊಬ್ಬ ತಿಥಿ ಯಾವಾಗ ಅಂತ ಕೇಳ್ತಾನೆ. ಎರಡೂ ಭೂತಕಾಲ, ಎರಡೂ 'ಅವನು'ಗೆ ಹೊಂದೋ ಕ್ರಿಯಾಪದ, ವ್ಯತ್ಯಾಸ ಒಂದು ದೀರ್ಘ ಮಾತ್ರ. ಆದ್ರೆ ಮುಂದೆ kelasa ಅಂತ ಒಂದು ಪದ ಸೇರಿಸಿ ನೋಡಿ, ಜೋಕ್ ಸತ್ತೋಗುತ್ತೆ, ಯಾಕಂದ್ರೆ ಮಾಡೋಕೆ ಕರ್ಮಪದ ಬೇಕು, ಮಡಿಯೋಕೆ ಬೇಡ. ಇನ್ನೊಂದು ತಮಾಷೆ ಏನಂದ್ರೆ, ಮಾತಾಡುವಾಗ ನಮ್ಮಲ್ಲಿ ಎಷ್ಟೋ ಜನ 'ಮಾಡಿದ' ಅನ್ನಲ್ಲ, 'ಮಾಡ್ದ' ಅಂತೀವಿ, ಗೆಳೆಯ ಸತ್ರೆ 'ಮಡಿದ' ಅಂತನೂ ಯಾರೂ ಅನ್ನಲ್ಲ, 'ತೀರ್ಕೊಂಡ' ಅಂತೀವಿ. ಅಂದ್ರೆ ಮಾತಾಡಿದ ಹಾಗೇ madda ಅಂತ ಹೊಡೆದಿದ್ರೆ ಬಚಾವ್, ಪುಸ್ತಕದ ಭಾಷೆ ಟೈಪ್ ಮಾಡೋಕೆ ಹೋಗಿದ್ದಕ್ಕೇ ಸಿಕ್ಕಾಕೊಂಡಿದ್ದು.

aa ಬರೆದ್ರೆ ಆಯ್ತಲ್ವಾ ಅಂತೀರಾ? ದೀರ್ಘದ ಸಮಸ್ಯೆ ಅಲ್ಲಿಗೆ ಮುಗೀತು, ಆದ್ರೆ baale ಈಗಲೂ ಬಾಲೆನೋ ಬಾಳೆನೋ ಗೊತ್ತಾಗಲ್ಲ. ಇದಕ್ಕೇ ನಮ್ಮ ಭಾಷೆಗಳನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋಕೆ ಇರೋ ಐಟ್ರಾನ್ಸ್ ಥರದ ಪದ್ಧತಿಗಳಲ್ಲಿ ದೊಡ್ಡಕ್ಷರ ಬಳಸ್ತಾರೆ, l ಅಂದ್ರೆ ಲ, L ಅಂದ್ರೆ ಳ, n ಅಂದ್ರೆ ನ, N ಅಂದ್ರೆ ಣ. ಐಡಿಯಾ ಚೆನ್ನಾಗೇ ಇದೆ, ಆದ್ರೆ ಮೊಬೈಲ್ ಕೀಬೋರ್ಡು ವಾಕ್ಯದ ಮೊದಲ ಅಕ್ಷರನ ತಾನೇ ದೊಡ್ಡದು ಮಾಡುತ್ತೆ, ಆ ನಿಯಮ ಹಿಡಿದು ಓದಿದ್ರೆ Naanu ಅನ್ನೋದು ನಾನು ಅಲ್ಲ, ಣಾನು.